ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ

ಹೋದ ವರ್ಷ ರಾತ್ರಿ ಮೂರು ಗಂಟೆಗೆ ಅಪ್ಪ ಹಾಸನದ ಮನೆಯ ಬಚ್ಚಲ ಬಾಗಿಲಲ್ಲಿ ಬಿದ್ದರು. ಮಣಿಕಟ್ಟು ಮುರಿಯಿತು, ಪುಣ್ಯಕ್ಕೆ ಸೊಂಟ ಉಳಿಯಿತು. ಡಿಸ್ಚಾರ್ಜ್ ದಿನ ಫಿಸಿಯೋಥೆರಪಿಸ್ಟ್ ಒಂದು ಹಾಳೆ ಕೊಟ್ಟರು. ವಯಸ್ಸಾದವರು ಮನೇಲಿ ಬೀಳದ ಹಾಗೆ ಏನೇನು ನೋಡಬೇಕು ಅಂತ ಸರಳ ಕನ್ನಡದ ಪಟ್ಟಿ. ನಾನು ಹಾಲ್‌ನಲ್ಲಿ ಕೂತು ಹತ್ತೇ ನಿಮಿಷಕ್ಕೆ ಎಲ್ಲದಕ್ಕೂ ಟಿಕ್ ಹಾಕಿದೆ. ಬೆಳಕು ಇದೆಯೇ? ಇದೆ. ಹಿಡಿದುಕೊಳ್ಳಲು ಆಸರೆ ಇದೆಯೇ? ಇದೆ. ಈ ವರ್ಷ ಎಷ್ಟು ಸಲ ಬಿದ್ದಿದ್ದಾರೆ? ಒಂದು ಸಲ.

ಅಮ್ಮ ಹಾಳೆ ನೋಡಿ, "ಒಂದ್ಸಲ ರಾತ್ರಿ ಅವರ ಹಿಂದೆ ಹೋಗಿ ನೋಡೋ" ಅಂದಳು.

ಹೋದೆ. ಎಚ್ಚರ ಆದದ್ದೇ ಅಪ್ಪ ಸಟಕ್ಕನೆ ಎದ್ದು ನಿಂತರು, ಸ್ವಲ್ಪ ವಾಲಿದರು. ಲೈಟ್ ಹಾಕಲೇ ಇಲ್ಲ. ಸ್ವಿಚ್ ಇರುವುದು ಬಾಗಿಲ ಹತ್ತಿರ, ಅಲ್ಲಿಗೆ ಕತ್ತಲಲ್ಲೇ ಆರು ಹೆಜ್ಜೆ. ಜೊತೆಗೆ "ಅವಳಿಗೆ ಎಚ್ಚರ ಆಗತ್ತೆ" ಅನ್ನೋ ಸಂಕೋಚ. ಬಚ್ಚಲ ಮುಂದಿನ ಕಾಲೊರೆಸು ಅಮ್ಮನ ಹಳೇ ಸೀರೆಯದ್ದು, ಒಂದು ಮೂಲೆ ಮಡಚಿಕೊಂಡಿತ್ತು. ಒಳಗೆ ಅವರು ಹಿಡಿದದ್ದು ಟವೆಲ್ ರಾಡು. ನಾನು ಟಿಕ್ ಹಾಕಿದ ಆಸರೆ ಅದೇ. ಮರುದಿನ ಅದಕ್ಕೆ ನನ್ನ ಭಾರ ಬಿಟ್ಟೆ. ಗಾರೆ ಸಮೇತ ಕೈಗೆ ಬಂತು.

ವಾಪಸ್ ಬರುವಾಗ ಅಪ್ಪ ಮೆಲ್ಲಗೆ, "ಮೂರು ಸಲ ಬಿದ್ದಿದ್ದೆ ಕಣೋ. ಹೇಳಿದ್ರೆ ಬೆಂಗಳೂರಿಗೆ ಕರ್ಕೊಂಡು ಹೋಗ್ತೀಯ ಅಂತ ಹೇಳಲಿಲ್ಲ" ಅಂದರು.

ಆ ವಾಲಿದ್ದನ್ನು ಡಾಕ್ಟರಿಗೆ ಹೇಳಿದೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, ಎದ್ದು ನಿಂತ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿದರು. 138 ಇದ್ದದ್ದು ನಿಂತಾಗ 112. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಗಮನಿಸಬೇಕಾದ ವಿಷಯವಂತೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎರಡೂ ಸೇರಿ ಹೀಗಾಗಿರಬಹುದು ಅಂತ ಡಾಕ್ಟರು ಒಂದನ್ನು ಬದಲಿಸಿದರು. (ಇದನ್ನು ನಾವೇ ನಿಲ್ಲಿಸೋ ಹಾಗಿಲ್ಲ.) ಈಗ ಅಪ್ಪ ಎಚ್ಚರವಾದ ಮೇಲೆ ಮಂಚದ ಅಂಚಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳುತ್ತಾರೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಅವರದ್ದು ಊರುತ್ತಿರಲಿಲ್ಲ, ಎರಡು ಹಾಸಿಗೆಯಲ್ಲಿ ಒಂದನ್ನು ತೆಗೆದೆವು.

ಉಳಿದದ್ದು ಒಂದು ಭಾನುವಾರದ ಕೆಲಸ. ಮಂಚದ ಪಕ್ಕ ಮತ್ತು ದಾರಿಯಲ್ಲಿ, ನಡೆದರೆ ತಾನೇ ಹತ್ತುವ ಸಣ್ಣ ದೀಪ. ಕಮೋಡ್ ಪಕ್ಕದ ಇಟ್ಟಿಗೆ ಗೋಡೆಗೆ ಬೋಲ್ಟ್ ಹಾಕಿಸಿದ ಸ್ಟೀಲ್ ಹಿಡಿ. ಟೈಲ್ಸಿಗೆ ಅಂಟಿಸುವ ರಬ್ಬರ್ ಬಟ್ಟಲಿನದು ಬೇಡ, ಅದು ಯಾವಾಗ ಬಿಡುತ್ತೋ ಗೊತ್ತಾಗಲ್ಲ. ಸೀರೆಯ ಕಾಲೊರೆಸು ಹೋಗಿ ಅಡಿಗೆ ರಬ್ಬರ್ ಇರುವುದು ಬಂತು. ಅಮ್ಮ ಎರಡು ದಿನ ಮಾತಾಡಲಿಲ್ಲ.

ಚಿಲಕದ ವಿಷಯಕ್ಕೆ ಮಾತ್ರ ಅಪ್ಪ ಜಗ್ಗಲಿಲ್ಲ. ಒಳಗೆ ಬಿದ್ದರೆ ತೆಗೆಯೋದು ಹೇಗೆ ಅಂದರೆ, ಮರ್ಯಾದೆ ಬೇಡ್ವಾ ಅಂದರು. ಕೊನೆಗೆ ಬಡಗಿ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ, ಹೊರಗಿಂದ ನಾಣ್ಯದಲ್ಲಿ ತಿರುಗಿಸಬಹುದಾದ ಚಿಲಕ ಹಾಕಿಕೊಟ್ಟ. ನಾಣ್ಯ ಅಮ್ಮನ ದಿಂಬಿನ ಕೆಳಗಿದೆ.