ಆ ಕೊನೆಯ ಸಾಲು

ಕಳೆದ ಚಳಿಗಾಲದಲ್ಲಿ ನಾನೊಂದು ಕಂಪನವನ್ನು ಕಂಡುಹಿಡಿದಿದ್ದೆ. ಅದರ ಮೇಲೆ ನಾಲ್ಕು ಪುಟ ಬರೆದೂ ಆಗಿತ್ತು. ಹಾಗೊಂದು ಕಂಪನ ಇರಲೇ ಇಲ್ಲ ಎಂದು ಗೊತ್ತಾಗುವಷ್ಟರಲ್ಲಿ ಸೆಮಿನಾರಿಗೆ ಎರಡು ದಿನ ಉಳಿದಿತ್ತು.

ನನ್ನ ಪಿಎಚ್‌ಡಿ ಕೆಲಸ ಕಂಟ್ರೋಲ್ ಎಂಜಿನಿಯರಿಂಗಿನದು. ಆಗ ಕಂಪ್ಯೂಟರಿನೊಳಗೆ ಒಂದು ಸಾಲು ಬಂಡಿಗಳನ್ನು ಓಡಿಸುತ್ತಿದ್ದೆ. ಹಳಿಯ ಮೇಲೆ ಏಳು ಪುಟ್ಟ ಬಂಡಿಗಳು, ಒಂದಕ್ಕೊಂದು ಸ್ಪ್ರಿಂಗಿನಿಂದ ಕಟ್ಟಿದವು. ಮೋಟಾರು ಇರುವುದು ಮೊದಲನೆಯದಕ್ಕೆ ಮಾತ್ರ. ಅದೊಂದನ್ನೇ ತಳ್ಳಿ, ಎಳೆದು, ಏಳೂ ಬಂಡಿಗಳು ತೂಗಾಡದೆ ಬಂದು ನಿಲ್ಲುವಂತೆ ಮಾಡಬೇಕು. ಹಗ್ಗದ ಒಂದೇ ತುದಿ ಹಿಡಿದು ಇಡೀ ಹಗ್ಗವನ್ನು ಸುಮ್ಮನಾಗಿಸಿದ ಹಾಗೆ.

ಇಂಥ ವ್ಯವಸ್ಥೆಯ ಸ್ವಭಾವ ಅದರ ಪೋಲ್‌ಗಳಲ್ಲಿರುತ್ತದೆ. ಪೋಲ್ ಎಂದರೆ ಒಂದು ಸಂಖ್ಯೆ, ಅಷ್ಟೆ. -2 ಎಂದರೆ ಅಲುಗಾಟ ಬೇಗ ಸಾಯುತ್ತದೆ, -10 ಎಂದರೆ ಇನ್ನೂ ಬೇಗ. ಶೂನ್ಯದ ಹತ್ತಿರವಿದ್ದರೆ ಜೋಕಾಲಿಯಂತೆ ಆಡುತ್ತಲೇ ಇರಬಹುದು. ಪ್ರತಿ ಬಂಡಿಗೂ ಒಂದು ಸ್ಥಾನ, ಒಂದು ವೇಗ. ಹಾಗಾಗಿ ನನ್ನ ಸಾಲಿಗೆ ಹದಿನಾಲ್ಕು ಪೋಲ್‌ಗಳು. ಅಳೆದ ಸ್ಥಾನ, ವೇಗಗಳನ್ನು ಸರಿಯಾದ ಪ್ರಮಾಣದಲ್ಲಿ ಗುಣಿಸಿ ಮೋಟಾರಿಗೆ ಹಿಂದಿರುಗಿಸಿದರೆ ಆ ಹದಿನಾಲ್ಕನ್ನೂ ನಮಗೆ ಬೇಕಾದ ಕಡೆ ಕೂರಿಸಬಹುದು. ಆ ಪ್ರಮಾಣಗಳ ಸಾಲಿಗೆ K ಎಂದು ಹೆಸರು. ಮೋಟಾರು ಒಂದೇ ಇದ್ದಾಗ, ಬೇಕಾದ ಪೋಲ್‌ಗಳಿಗೆ K ಒಂದೇ ಒಂದು ಇರುತ್ತದೆ. ಅದನ್ನು ಒಂದೇ ಸಾಲಿನಲ್ಲಿ ಬರೆದುಕೊಟ್ಟವರು ಜರ್ಮನಿಯ ಯುರ್ಗೆನ್ ಆಕರ್ಮನ್, 1972ರಲ್ಲಿ:

K = [0 0 … 0 1] C⁻¹ φ(A)

ಎಂ.ಟೆಕ್.ನಲ್ಲಿ ಇದನ್ನು ಮೊದಲ ಸಲ ನೋಡಿದಾಗ ಒಂದು ಒಳ್ಳೆಯ ತ್ರಿಪದಿ ಓದಿದಷ್ಟು ಖುಷಿಯಾಗಿತ್ತು. A ಎಂಬುದು ವ್ಯವಸ್ಥೆ ತನ್ನಷ್ಟಕ್ಕೆ ಹೇಗೆ ನಡೆಯುತ್ತದೆ ಎಂಬುದರ ಮ್ಯಾಟ್ರಿಕ್ಸ್, B ಎಂಬುದು ತಳ್ಳಿದ್ದು ಎಲ್ಲಿ ತಾಗುತ್ತದೆ ಎಂಬುದು. C ಕಂಟ್ರೋಲಬಿಲಿಟಿ ಮ್ಯಾಟ್ರಿಕ್ಸ್. ಅದರ ಕಂಬಸಾಲುಗಳು B, AB, A²B, ಹೀಗೆ. ತಳ್ಳಿದ್ದು ಮೊದಲು ಎಲ್ಲಿ ತಾಗಿತು, ಅಲ್ಲಿಂದ ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಎಂಬ ದಾಖಲೆ ಅದು. φ ಎಂಬುದು ನಾವು ಬಯಸಿದ ಪೋಲ್‌ಗಳಿಂದ ಕಟ್ಟಿದ ಬಹುಪದ. ಅದರೊಳಗೆ s ಬದಲು A ಹಾಕಬೇಕು. C ಯ ವಿಲೋಮದ ಕೊನೆಯ ಸಾಲನ್ನಷ್ಟೇ ಎತ್ತಿಕೊಂಡು φ(A)ಗೆ ಗುಣಿಸಿದರೆ ಮುಗಿಯಿತು.

ಒಂದೇ ಬಂಡಿಗೆ ಮಾಡಿ ನೋಡಿ. ತೂಕ ಒಂದು ಕಿಲೋ, ಘರ್ಷಣೆ ಇಲ್ಲ. ಪೋಲ್‌ಗಳು -2 ಮತ್ತು -3 ಬೇಕು. φ ಎಂದರೆ (s+2)(s+3), ಅಂದರೆ s²+5s+6. ಇಲ್ಲಿ A ಯನ್ನು ಅದರಿಂದಲೇ ಗುಣಿಸಿದರೆ ಸೊನ್ನೆ, ಹಾಗಾಗಿ φ(A)ಯ ಮೊದಲ ಸಾಲು [6 5]. C ಯ ವಿಲೋಮದ ಕೊನೆಯ ಸಾಲು [1 0]. ಎರಡನ್ನೂ ಗುಣಿಸಿದರೆ K = [6 5]. ದೂರದ ಆರರಷ್ಟು, ವೇಗದ ಐದರಷ್ಟು ಬಲವನ್ನು ಎದುರು ದಿಕ್ಕಿಗೆ ಕೊಡಿ, ಬಂಡಿ ತೆಪ್ಪಗೆ ಬಂದು ನಿಲ್ಲುತ್ತದೆ. ಬಸ್ ಟಿಕೆಟಿನ ಹಿಂಬದಿಯಲ್ಲಿ ಮುಗಿಯುವ ಲೆಕ್ಕ.

ಏಳು ಬಂಡಿಗೂ ಇದೇ ಸೂತ್ರ ಹಾಕಿದೆ. ಹದಿನಾಲ್ಕೂ ಪೋಲ್‌ಗಳನ್ನು -3 ಮತ್ತು -10ರ ನಡುವೆ ಕೇಳಿದೆ. ಎಲ್ಲವೂ ನೇರ ಸಂಖ್ಯೆಗಳಾದ್ದರಿಂದ ತೂಗಾಟ ಬೇಗನೆ ಕರಗಿಹೋಗಬೇಕಿತ್ತು. ಆದರೆ ಚಿತ್ರದಲ್ಲಿ ಒಂದು ಸಣ್ಣ ಅಲೆ ನಿಲ್ಲದೆ ಉಳಿಯಿತು. ನಾನು ಇದನ್ನು ಕಂಡು ಹಿಗ್ಗಿದೆ. ಉದ್ದನೆಯ ಸಾಲಿನ ಕೊನೆಯಲ್ಲಿ ಶಕ್ತಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದೇನೋ ಒಂದು ವಿವರಣೆ ಹೊಸೆದೆ. ಆ ನಾಲ್ಕು ಪುಟ ಇದೇ.

ನಮ್ಮ ಮೇಡಂ ಕರಡು ಓದಿ ಬೈಯಲಿಲ್ಲ. "ಕಾಲವನ್ನ ಸೆಕೆಂಡಿನ ಬದಲು ಮಿಲಿಸೆಕೆಂಡಲ್ಲಿ ಅಳೆದ್ರೂ ಈ ಅಲೆ ಹೀಗೇ ಇರತ್ತಾ, ನೋಡಿದ್ಯಾ?" ಎಂದರು.

"ಇರಲೇಬೇಕಲ್ವಾ ಮೇಡಂ?"

"ಇರಲೇಬೇಕು. ಹೋಗಿ ನೋಡು."

A, B ಮತ್ತು ಪೋಲ್‌ಗಳು ಮೂರನ್ನೂ ಸಾವಿರದಿಂದ ಭಾಗಿಸಿದೆ. ಗಣಿತದ ಪ್ರಕಾರ K ಒಂದಿಷ್ಟೂ ಕದಲಬಾರದು. ಅದು ಬೇರೆಯೇ ಬಂತು, ಅಲೆಯ ಲಯವೂ ಬದಲಾಯಿತು. ಗಡಿಯಾರ ಬದಲಿಸಿದರೆ ಬದಲಾಗುವ ಕಂಪನ ಬಂಡಿಗಳದ್ದಲ್ಲ. ಭಾಗಿಸಿದ್ದರಿಂದ ಲೆಕ್ಕ ಸುಧಾರಿಸಿತು ಅಂತಲೂ ಅಲ್ಲ. ಕೊನೆಯ ಅಂಕೆಗಳು ಬೇರೆ ಜಾಗದಲ್ಲಿ ಕತ್ತರಿಸಿಹೋದವು, ಹಾಗಾಗಿ ತಪ್ಪೂ ಬೇರೆಯಾಯಿತು. ಆಮೇಲೆ, ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ:

```
K = acker(A, B, p);
eig(A - B*K)
```

ಎರಡನೆಯ ಸಾಲು ನಿಜವಾಗಿ ಸಿಕ್ಕಿದ ಪೋಲ್‌ಗಳನ್ನು ತೋರಿಸುತ್ತದೆ. ನಾನು ಕೇಳಿದ್ದೇ ಬೇರೆ, ಸಿಕ್ಕಿದ್ದೇ ಬೇರೆ.

ಹೀಗೇಕೆ ಎಂಬುದನ್ನು ಕಾಣಲು ಬಂಡಿಗಳಿಗಿಂತ ಸರಳವಾದ ಉದಾಹರಣೆ ಬೇಕಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಚಲನೆಗಳು, ಅವುಗಳ ಪೋಲ್‌ಗಳು -1, -2ರಿಂದ -10ರವರೆಗೆ, ಎಲ್ಲವಕ್ಕೂ ಒಂದೇ ತಳ್ಳು ಎಂದುಕೊಳ್ಳಿ. C ಯ ಮೊದಲ ಕಂಬಸಾಲಿನಲ್ಲಿ ಎಲ್ಲವೂ 1. ಹತ್ತನೆಯದರಲ್ಲಿ ಚಿಹ್ನೆ ಬಿಟ್ಟರೆ ಇರುವುದು ಒಂಬತ್ತನೆಯ ಘಾತಗಳು: ಮೊದಲ ಚಲನೆಗೆ 1, ಕೊನೆಯದಕ್ಕೆ ನೂರು ಕೋಟಿ. ಗಾತ್ರದ ಈ ಅಂತರವೊಂದೇ ಆಗಿದ್ದರೆ ಹೇಗೋ ಸರಿಮಾಡಿಕೊಳ್ಳಬಹುದಿತ್ತು. ನಿಜವಾದ ತೊಂದರೆ ದಿಕ್ಕಿನದು. ಮತ್ತೆ ಮತ್ತೆ A ಯಿಂದ ಗುಣಿಸಿದಂತೆ ಅತಿವೇಗದ ಚಲನೆ ಉಳಿದವನ್ನೆಲ್ಲ ಮುಚ್ಚಿಹಾಕುತ್ತದೆ, ಕಂಬಸಾಲುಗಳು ಒಂದೇ ಕಡೆಗೆ ಮುಖ ಮಾಡುತ್ತವೆ. ಒಂಬತ್ತನೆಯದಕ್ಕೂ ಹತ್ತನೆಯದಕ್ಕೂ ನಡುವಿನ ಕೋನವನ್ನು, ಚಿಹ್ನೆ ಬಿಟ್ಟು, ಲೆಕ್ಕ ಹಾಕಿದೆ: ಸುಮಾರು ಮೂರು ಡಿಗ್ರಿ. ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುವ ಇಬ್ಬರು ಸಾಕ್ಷಿಗಳ ನಡುವಿನ ವ್ಯತ್ಯಾಸದಿಂದ ಸತ್ಯ ಹೆಕ್ಕುವ ಕೆಲಸವನ್ನು C⁻¹ ಮಾಡಬೇಕು. ಆ ವ್ಯತ್ಯಾಸ ಇರುವುದು ಕೊನೆಯ ಅಂಕೆಗಳಲ್ಲಿ. ಕಂಪ್ಯೂಟರು ಸುಮಾರು ಹದಿನಾರು ಅಂಕೆ ಇಟ್ಟುಕೊಳ್ಳುತ್ತದೆ. ಈ ಹತ್ತರ ಉದಾಹರಣೆಯಲ್ಲಿ ಹನ್ನೆರಡರಷ್ಟು ಅಂಕೆಗಳು ಅಪಾಯದಲ್ಲಿರುತ್ತವೆ. ಹದಿನೈದಕ್ಕೆ ಹೋದರೆ ಹದಿನಾರೂ ಸಾಲುವುದಿಲ್ಲ. ನನ್ನ ಬಂಡಿಗಳಲ್ಲಿ ಸ್ಪ್ರಿಂಗುಗಳು ಬಿಗಿ, ಸಂಖ್ಯೆಗಳು ಇನ್ನೂ ದೊಡ್ಡವು. ಮ್ಯಾಟ್‌ಲ್ಯಾಬಿನ ಸಹಾಯ ಪುಟದಲ್ಲೇ, ಹತ್ತು ದಾಟಿದರೆ `acker` ನಂಬಬೇಡಿ ಎಂಬ ಅರ್ಥದ ಎಚ್ಚರಿಕೆ ಇದೆ. ಸಹಾಯ ಪುಟ ಯಾರು ಓದುತ್ತಾರೆ!

`acker` ಬಿಟ್ಟು `place` ಹಾಕಿದರೆ ಸರಿಹೋಗುತ್ತದೆಂದು ಗೆಳೆಯನೊಬ್ಬ ಹೇಳಿದ. ಅದು ಘಾತಗಳ ಈ ದಾರಿ ಹಿಡಿಯುವುದಿಲ್ಲ, ಹಾಗಾಗಿ ಲೆಕ್ಕ ಖಂಡಿತ ಉತ್ತಮ. ಆದರೆ ಒಂದೇ ಮೋಟಾರಿಗೆ K ಒಂದೇ ಎಂದೆನಲ್ಲ. ಎಷ್ಟು ಜಾಣತನದಿಂದ ಹುಡುಕಿದರೂ ಸಿಗಬೇಕಾದದ್ದು ಅದೇ. ಆ K ಯೇ ಅತಿ ನಾಜೂಕಾಗಿದ್ದರೆ, ಅಂದರೆ ಒಂದಂಕೆ ಆಚೀಚೆಯಾದರೆ ಪೋಲ್‌ಗಳು ಚದುರಿಹೋಗುವಂತಿದ್ದರೆ, ಒಳ್ಳೆಯ ವಿಧಾನವೂ ಕಾಪಾಡದು. 1995ರಲ್ಲಿ ಹೆ, ಲಾಬ್, ಮೆಹರ್ಮಾನ್ ಎಂಬ ಮೂವರು ಇದರ ಬಗ್ಗೆಯೇ ಬರೆದರು. ಅದರ ಇಂಗ್ಲಿಷ್ ಶೀರ್ಷಿಕೆಯಲ್ಲಿ 'ಪ'ಕಾರದ ಪ್ರಾಸ: 'ಪ್ಲೇಸಿಂಗ್ ಪ್ಲೆಂಟಿ ಆಫ್ ಪೋಲ್ಸ್ ಈಸ್ ಪ್ರೆಟಿ ಪ್ರಿಪಾಸ್ಟರಸ್'. ರಾಶಿ ಪೋಲ್‌ಗಳನ್ನು ಕೂರಿಸಹೊರಡುವುದು ಶುದ್ಧ ಅಸಂಬದ್ಧ ಎಂದು. ಆ ಶೀರ್ಷಿಕೆ ಓದಿ ಲ್ಯಾಬಿನಲ್ಲಿ ಒಬ್ಬನೇ ಕೂತು ನಕ್ಕೆ, ನಗು ಬರುವ ಪರಿಸ್ಥಿತಿ ಇರಲಿಲ್ಲವಾದರೂ.

ಸೆಮಿನಾರಿನಲ್ಲಿ ಆ ನಾಲ್ಕು ಪುಟದ ಕಥೆಯನ್ನೇ ಹೇಳಿದೆ, ಕಂಪನದ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು. ಹಿಂದಿನ ಸಾಲಿನ ಒಬ್ಬರು ಪ್ರೊಫೆಸರ್, "ಹಾಗಾದರೆ ಹದಿನಾಲ್ಕನ್ನೂ ಯಾಕಪ್ಪಾ ಮುಟ್ತೀಯ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಸ್ಪ್ರಿಂಗುಗಳ ಒಳಘರ್ಷಣೆಯಿಂದ ವೇಗದ ತೂಗಾಟಗಳು ತಾವಾಗಿಯೇ ಸಾಯುತ್ತಿದ್ದವು. ಇಡೀ ಸಾಲು ಒಟ್ಟಿಗೆ ಜಾರುವುದು, ನಡುವೆ ಹಿಗ್ಗಿ ಕುಗ್ಗುವ ನಿಧಾನದ ಒಂದು ತೂಗಾಟ, ಇವೆರಡೇ ನನ್ನ ತಲೆನೋವು. ಈಗ ಆ ಎರಡನ್ನು ಬೇರ್ಪಡಿಸಿಕೊಂಡು, ಅವುಗಳ ನಾಲ್ಕು ಪೋಲ್‌ಗಳನ್ನು ಮಾತ್ರ ಸರಿಸುತ್ತೇನೆ, ಉಳಿದ ಹತ್ತನ್ನು ಇದ್ದಲ್ಲೇ ಬಿಟ್ಟು. ನಾಲ್ಕಕ್ಕೆ ನಾಲ್ಕರ ಮ್ಯಾಟ್ರಿಕ್ಸಿನ ಮೇಲೆ ಆಕರ್ಮನ್ ಸೂತ್ರ ಸಲೀಸಾಗಿ ಕೆಲಸ ಮಾಡುತ್ತದೆ. ಆ K ಯನ್ನು ಒಮ್ಮೆ ಕೈಯಲ್ಲೇ ಮಾಡಿದೆ. ಒಂದೂವರೆ ಪುಟ ಹಿಡಿಯಿತು. `eig` ಹಾಕಿ ನೋಡುವುದನ್ನು ಮಾತ್ರ ಆವತ್ತೂ ಬಿಡಲಿಲ್ಲ.