‘ರಿ’ ಯಾರಿಗೆ?

ಫೋನಿನಾಗ ನಾನು "ಅವ್ವಾ, ನೀ ಉಂಡಿ?" ಅಂದ್ರ ನನ್ನ ರೂಮ್‌ಮೇಟ್ ಹುಬ್ಬೇರಿಸ್ತಾನ. ಅವನ ಮನೆಯಲ್ಲಿ ತಾಯಿಗೂ ‘ನೀವು’. ನಮ್ಮ ಶಿರೂರಿನ ಮನ್ಯಾಗ ಅವ್ವಗ ‘ನೀವು’ ಅಂದ್ರ, "ಯಾಕ, ಸಿಟ್ಟಾಗಿ ಏನು?" ಅಂತ ಕೇಳ್ತಾಳ.

ಹಂಗಂತ ಮರ್ಯಾದಿ ಇಲ್ಲಂತಲ್ಲ. ಅದು ‘ರಿ’ಯೊಳಗ ಇರ್ತದ, ಮತ್ತ ಅದು ಕ್ರಿಯಾಪದಕ್ಕಷ್ಟೇ ಅಂಟೂದಿಲ್ಲ: ಹೌದ್ರಿ, ಯಾಕ್ರಿ, ಎಲ್ಲಿರಿ. ಕಚೇರಿಯಾಗ ಅಪ್ಪ "ಸಾಹೇಬ್ರ, ನಮ್ಮ ಹುಡುಗ ಇನ್ನೂ ಬಂದಿಲ್ರಿ" ಅಂದ್ರ, ಬರದೇ ಇದ್ದಾವ ನಾನು. ‘ರಿ’ ಮಾತ್ರ ಕೇಳೋ ಸಾಹೇಬ್ರಿಗೆ. ಅದನ್ನ ತೆಗೆದ್ರ ಸುದ್ದಿ ಅದೇ, ಮಾತು ಒರಟು.

ಸಣ್ಣವರಿಗೆ ‘ರಿ’ ಇಲ್ಲ, ಆದ್ರ ಹಿರಿಯರ ಹೆಸರೇ ಸಿಗ್ತದ. ಮೂರು ವರ್ಷದ ಮೊಮ್ಮಗಳಿಗೆ ಆಯಿ "ಬಾರವ್ವಾ" ಅಂತಾಳ, ಮೊಮ್ಮಗಗ "ಉಣ್ಣಪಾ".

ರೂಮ್‌ಮೇಟ್ ಈಗ ಕಲೀಲಿಕ್ಕತ್ತಾನ. ನಿನ್ನೆ ನನ್ನನ್ನ "ಬಾರಲೇರಿ" ಅಂತ ಕರದ.