ಗದ್ದದ ಮೇಲಿನ ಮೂವತ್ತು ಕೂದಲು

ತುಂಬಾ ದಿನ ಆಯ್ತು ಬ್ಲಾಗ್ ಕಡೆ ತಲೆ ಹಾಕಿ. ಇವತ್ತು ಬರೀತಿರೋ ವಿಷಯ ಸ್ವಲ್ಪ ಮುಜುಗರದ್ದು. ಓದಿ ನಗೋರು ನಗಬಹುದು, ನಾನೂ ಈಗ ನಗ್ತೀನಿ.

ನಂಗೆ ಗಡ್ಡ ಬರುತ್ತೆ. ಹೂಂ, ಸರಿಯಾಗೇ ಓದಿದ್ರಿ. ಪೂರ್ತಿ ಗಡ್ಡ ಅಲ್ಲ, ಗದ್ದದ ಕೆಳಗೆ ದಪ್ಪನೆಯ ಮೂವತ್ತು ಚಿಲ್ಲರೆ ಕೂದಲು. ಪಿಸಿಓಎಸ್ ಕೊಟ್ಟ ಉಡುಗೊರೆ. ಹತ್ತು ವರ್ಷ ಬೆಳಗ್ಗೆ ಎದ್ದ ಕೂಡಲೇ ಮೊದಲ ಕೆಲಸ ಕಿಟಕಿ ಹತ್ರ ಕನ್ನಡಿ, ಚಿಮಟ. ಎದುರಿಗೆ ಯಾರಾದ್ರೂ ಕೂತು ಮಾತಾಡಿದ್ರೆ ಕೈ ತಾನಾಗೇ ಗದ್ದಕ್ಕೆ ಹೋಗ್ತಿತ್ತು. ಯಾಕೆ ಶೇವ್ ಮಾಡ್ಲಿಲ್ಲ ಅಂತೀರಾ? "ಕತ್ತಿ ಮುಟ್ಟಿಸಿದ್ರೆ ಗಂಡಸರ ಥರ ಒತ್ತಾಗಿ ಬರುತ್ತೆ ಕಣೇ" ಅಂತ ಅಮ್ಮ ಹೆದರಿಸಿದ್ರಲ್ಲ!

ಕಿತ್ತೂ ಕಿತ್ತೂ ಗದ್ದದ ತುಂಬಾ ಕಪ್ಪು ಚುಕ್ಕೆ, ಒಳಗೇ ಸುರುಳಿ ಸುತ್ತಿಕೊಂಡ ಕೂದಲು, ಕೀವು. ಕೊನೆಗೆ ಒಂದು ಪಾರ್ಲರ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಲೇಸರ್‌ಗೆ ಹೋದೆ. ಅದು ಲೇಸರ್ರೇ ಅಲ್ಲ, ಐಪಿಎಲ್ ಅನ್ನೋ ಬೆಳಕಿನ ಯಂತ್ರ ಅಂತ ಆಮೇಲೆ ಗೊತ್ತಾಯ್ತು. ನನ್ನದು ನಮ್ಮೂರಿನ ಅಪ್ಪಟ ಎಣ್ಣೆಗಪ್ಪು ಬಣ್ಣ. ಎರಡನೇ ಸಲಕ್ಕೆ ಗದ್ದದ ಮೇಲೆ ಚೌಕಾಕಾರದ ಬೊಬ್ಬೆ, ಆಮೇಲೆ ಐದು ತಿಂಗಳು ಕಂದು ಕಲೆ. ಕೂದಲು ಮಾತ್ರ ಹಾಗೇ ಇತ್ತು.

ಚರ್ಮದ ಡಾಕ್ಟರ್ ಹತ್ರ ಹೋದಾಗ ಅವರು ಕಾರಣ ಹೇಳಿದ್ರು. ಈ ಬೆಳಕು ಹುಡುಕೋದು ಕಪ್ಪು ಬಣ್ಣವನ್ನ. ಬಿಳಿ ಚರ್ಮದಲ್ಲಿ ಕಪ್ಪು ಇರೋದು ಕೂದಲ ಬುಡದಲ್ಲಿ ಮಾತ್ರ. ನಮ್ಮ ಚರ್ಮದಲ್ಲಿ ಮೇಲ್ಪದರದಲ್ಲೇ ಇದೆ, ಹಾಗಾಗಿ ಬುಡ ಮುಟ್ಟೋ ಮೊದಲೇ ಚರ್ಮ ಸುಡುತ್ತೆ. ನಮ್ಮಂಥವರಿಗೆ ಎನ್‌ಡಿ-ಯಾಗ್ ಅನ್ನೋ ಲೇಸರ್ ವಾಸಿ. 1064 ನ್ಯಾನೋಮೀಟರ್‌ನ ಆ ಬೆಳಕನ್ನ ಮೇಲಿನ ಬಣ್ಣ ಕಡಿಮೆ ಹೀರುತ್ತೆ, ಅದು ಆಳಕ್ಕೆ ಇಳಿಯುತ್ತೆ. ಎಲ್ಲಿಗೆ ಹೋದ್ರೂ ಯಂತ್ರದ ಹೆಸರು ಮೊದಲು ಕೇಳಿ, ದರ ಆಮೇಲೆ.

ಇನ್ನೊಂದು ಮಾತು ಕೇಳಿ ನಾನು ಬೆಚ್ಚಿದೆ. ಲೇಸರ್‌ಗೆ ಮುಂಚೆ ನಾಲ್ಕು ವಾರ ಕೀಳೋ ಹಾಗಿಲ್ಲ, ಥ್ರೆಡಿಂಗೂ ಇಲ್ಲ. ಬುಡವೇ ಇಲ್ಲದಿದ್ರೆ ಬೆಳಕು ಏನನ್ನ ಹುಡುಕಬೇಕು? "ಅಲ್ಲಿವರೆಗೂ ಶೇವ್ ಮಾಡಿ" ಅಂದ್ರು. ಅಮ್ಮನ ಮಾತು ಹೇಳಿದೆ. ಕತ್ತಿ ಬುಡದ ತನಕ ಹೋಗೋದೇ ಇಲ್ಲ, ತುದಿ ಮೊಂಡಾಗೋದ್ರಿಂದ ಕೈಗೆ ಚುಚ್ಚುತ್ತೆ ಅಷ್ಟೇ ಅಂದ್ರು. ಅವತ್ತು ರಾತ್ರಿ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು, ಒಂದೇ ಬ್ಲೇಡಿನ ರೇಜರ್‌ನಿಂದ ಕೂದಲು ಬೆಳೆಯೋ ದಿಕ್ಕಿನಲ್ಲೇ ಎಳೆದೆ. ಎರಡು ನಿಮಿಷದ ಕೆಲಸ. ಹತ್ತು ವರ್ಷದ ಚಿಮಟ ನೆನೆದು ಅಳು ಬಂತು.

ಲೇಸರ್ ಎಂಟು ಸಲ ಆಯ್ತು, ಐದೈದು ವಾರಕ್ಕೊಮ್ಮೆ, ಸಲಕ್ಕೆ 2500 ರೂಪಾಯಿ, ಒಟ್ಟು 20,000. ಅಷ್ಟು ಸಲ ಯಾಕೆಂದ್ರೆ ಬೆಳೀತಿರೋ ಕೂದಲಿಗೆ ಮಾತ್ರ ಅದು ತಾಗೋದು, ಮಲಗಿರೋವು ತಪ್ಪಿಸ್ಕೊಳ್ತವೆ. ಹೊಡೆದ ಐದು ನಿಮಿಷಕ್ಕೆ ಪ್ರತಿ ಕೂದಲ ಸುತ್ತ ಸಣ್ಣ ಗುಳ್ಳೆ ಎದ್ರೆ ಸರಿಯಾಗಿ ತಾಗಿದೆ ಅಂತ ಅರ್ಥ. ಚರ್ಮವೇ ಬೆಳ್ಳಗಾಗಿ ಬಿಳಚಿದ್ರೆ ಅಲ್ಲಿಗೇ ನಿಲ್ಲಿಸಿ ಅನ್ನಬೇಕು. ಎರಡು ವಾರದಲ್ಲಿ ಸತ್ತ ಕೂದಲು ತಾನಾಗೇ ಉದುರಿತು. ಮೂವತ್ತರಲ್ಲಿ ಇಪ್ಪತ್ತು ಹೋದ್ವು. ಆದ್ರೆ ಹಾರ್ಮೋನು ಸುಮ್ಮನಿರುತ್ತಾ? ವರ್ಷಕ್ಕೆ ಒಂದೆರಡು ಸಲ ಈಗಲೂ ಹೋಗಬೇಕು.

ಉಳಿದ ಹತ್ತರಲ್ಲಿ ಏಳು ಬಿಳಿ ಕೂದಲು! ಲೇಸರ್ ಕಣ್ಣಿಗೆ ಅವು ಕಾಣೋದೇ ಇಲ್ಲ. ಅವಕ್ಕೆ ಎಲೆಕ್ಟ್ರಾಲಿಸಿಸ್. ಒಂದೊಂದೇ ರಂಧ್ರಕ್ಕೆ ಕೂದಲಷ್ಟೇ ಸಣ್ಣ ಸೂಜಿ ಇಳಿಸಿ ಕರೆಂಟ್ ಕೊಟ್ಟು ಬುಡ ಸುಡ್ತಾರೆ. ಬಣ್ಣದ ಹಂಗಿಲ್ಲ. ಬುಡ ಸತ್ತಿದ್ರೆ ಕೂದಲು ಬೆಣ್ಣೆಯಲ್ಲಿಂದ ಬಂದ ಹಾಗೆ ಜಾರಿ ಬರಬೇಕು. ಎಳೆದ ಹಾಗಾದ್ರೆ ಅದು ಬರೀ ಕಿತ್ತಿದ್ದು, ಮತ್ತೆ ಬರುತ್ತೆ. ಹದಿನೈದು ನಿಮಿಷಕ್ಕೆ 600 ರೂಪಾಯಿ, ಐದು ಸಲ ಹೋದೆ. ಮುಖ ಪೂರ್ತಿ ಇದನ್ನೇ ಮಾಡಿಸ್ತೀನಿ ಅಂತ ಹೊರಟಿದ್ರೆ ವರ್ಷಗಟ್ಟಲೆ ಹಿಡೀತಿತ್ತು.

ಇಷ್ಟೆಲ್ಲಾ ಯಾಕೆ ಬರೆದೆ ಅಂದ್ರೆ, ಮೊನ್ನೆ ಹದಿಮೂರರ ಮಗಳು ಸ್ಕೂಲಿಂದ ಬಂದವಳೇ, "ಮೀಸೆ ಅಂತ ಕರೀತಾರಮ್ಮ, ನಂಗೂ ಲೇಸರ್ ಮಾಡಿಸು" ಅಂತ ಅತ್ತಳು. ನನ್ನ ಕೈಲಿ ದುಡ್ಡೂ ಇತ್ತು, ಯಂತ್ರದ ಹೆಸರೂ ಗೊತ್ತಿತ್ತು. ಡಾಕ್ಟರ್ ಬೇಡ ಅಂದ್ರು. ಅವಳದು ನಯವಾದ ರೋಮ. ನಮ್ಮಂಥ ಚರ್ಮದವರಿಗೆ ಅಂಥ ರೋಮಕ್ಕೆ ಲೇಸರ್ ಬಿಟ್ರೆ ಕೆಲವು ಸಲ ಅದು ಕೆರಳಿ ದಪ್ಪ ಕೂದಲಾಗುತ್ತಂತೆ. ನನ್ನ ದವಡೆ ಅಂಚಿನಲ್ಲೂ ಒಂದಿಷ್ಟು ಹಾಗೇ ಆಗಿದ್ದು ಆಗ ಅರ್ಥ ಆಯ್ತು.

ಭಾನುವಾರ ಎಣ್ಣೆಸ್ನಾನ ಆದ ಮೇಲೆ ಅವಳನ್ನ ಕನ್ನಡಿ ಮುಂದೆ ಕೂರಿಸಿ, ಹೊಸ ರೇಜರ್ ಕೊಟ್ಟು, ಮೇಲ್ತುಟಿ ಬಿಗಿ ಹಿಡಿಯೋದು ತೋರಿಸಿದೆ. ಅಡುಗೆಮನೆಯಿಂದ ಇಣುಕಿದ ಅಮ್ಮ ಬಾಯಿ ತೆರೆದ್ರು. ನಾನು ನನ್ನ ಗದ್ದ ಮುಂದೆ ಮಾಡಿ, "ಮುಟ್ಟಿ ನೋಡಮ್ಮ" ಅಂದೆ.